ಭೂಪ ಯಾವ ಥಾಟ್, ಮೋಹನ ಯಾವ ಮೇಳ? ರಾಗದ ಮೂಲ ಶ್ರೇಣಿ ಹುಡುಕುವ ಕ್ರಮ

ಹುಬ್ಬಳ್ಳಿ-ಧಾರವಾಡದಲ್ಲಿ ಸಂಗೀತ ಕಲಿಯುವವರಿಗೆ ಒಂದು ತಾಪತ್ರಯ ಇದ್ದೇ ಇದೆ. ಕ್ಲಾಸಿನಲ್ಲಿ ಕಲಿಯುವುದು ಹಿಂದೂಸ್ತಾನಿ. ಆದರೆ ಕನ್ನಡದಲ್ಲಿ ಸಿಗುವ ಸಂಗೀತದ ಪುಸ್ತಕ, ವಿಡಿಯೊ, ಮೈಸೂರು ಕಡೆಯ ನೆಂಟರು ಎಲ್ಲರೂ ಹೇಳುವುದು ಕರ್ನಾಟಕ ಸಂಗೀತದ ಹೆಸರು. ನೀವು ಭೂಪ ಅಂತೀರಿ, ಅವರು ಮೋಹನ ಅಂತಾರೆ. ನೀವು ಕಲ್ಯಾಣ ಥಾಟ್ ಅಂತೀರಿ, ಅವರು 28ನೇ ಮೇಳ ಅಂತಾರೆ. ಇಬ್ಬರೂ ಸರಿಯೇ, ಆದರೂ ಲೆಕ್ಕ ಕೂಡುವುದಿಲ್ಲ.

ಈ ಭಾಗಕ್ಕೆ ಇದು ಹೊಸದಲ್ಲ. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಹಾಡುತ್ತಿದ್ದದ್ದು ಕರ್ನಾಟಕ ಸಂಗೀತ. ಮಲ್ಲಿಕಾರ್ಜುನ ಮನ್ಸೂರರ ಮೊದಲ ಪಾಠವೂ ಕರ್ನಾಟಕ ಪದ್ಧತಿಯದ್ದೇ. ಗದುಗಿನ ಪಂಚಾಕ್ಷರಿ ಗವಾಯಿಗಳು ಎರಡನ್ನೂ ಬಲ್ಲವರು. ಹಾಗಾಗಿ ಒಂದು ರಾಗ ಕೈಗೆ ಸಿಕ್ಕರೆ ಅದರ ಮೇಳವನ್ನೂ ಥಾಟನ್ನೂ ನಾವೇ ಹುಡುಕುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ. ಒಂದು ಹಾರ್ಮೋನಿಯಂ ಪಕ್ಕದಲ್ಲಿದ್ದರೆ ಸಾಕು. ಸ್ವರಗಳನ್ನು ಸುಲಭಕ್ಕೆ ಸ ರಿ ಗ ಮ ಪ ಧ ನಿ ಎಂದೇ ಬರೆಯುತ್ತೇನೆ. ನಮ್ಮ ಕಡೆ ‘ರೆ’ ಅನ್ನುವವರು ಹಾಗೇ ಓದಿಕೊಳ್ಳಿ.

ಹೆಜ್ಜೆ 1: ಮೊದಲು ‘ಸ’ ಗಟ್ಟಿ ಮಾಡಿಕೊಳ್ಳಿ

ರೆಕಾರ್ಡಿಂಗ್ ಕೇಳಿ ಸ್ವರ ಪಟ್ಟಿ ಮಾಡುವಾಗ ಆಗುವ ದೊಡ್ಡ ಎಡವಟ್ಟು ಇಲ್ಲೇ ಆಗುತ್ತದೆ. ತಂಬೂರಿಯ ಮೊದಲ ತಂತಿ ಸಾಮಾನ್ಯವಾಗಿ ಮಂದ್ರದ ಪ. ನಡುವಿನ ಜೋಡಿ ತಂತಿಗಳು ಸ, ಕೊನೆಯದು ಕೆಳಗಿನ ಸ. ಹೊಸಬರ ಕಿವಿ ಮೊದಲು ಕೇಳಿದ ತಂತಿಯನ್ನೇ ಸ ಅಂದುಕೊಳ್ಳುತ್ತದೆ. ಆಗ ಇಡೀ ಶ್ರೇಣಿ ಜರುಗುತ್ತದೆ.

ಭೂಪ ತೆಗೆದುಕೊಳ್ಳಿ: ಸ ರಿ ಗ ಪ ಧ, ಎಲ್ಲ ಶುದ್ಧ. ಇದೇ ಐದು ಸ್ವರಗಳನ್ನು ಪ ಇಂದ ಎಣಿಸಿದರೆ ಸ ರಿ ಮ ಪ ಧ ಆಗುತ್ತದೆ. ಅದು ದುರ್ಗಾ. ರಿ ಇಂದ ಎಣಿಸಿದರೆ ಸ ರಿ ಮ ಪ ಮತ್ತು ಕೋಮಲ ನಿ, ಅಂದರೆ ಮಧ್ಯಮಾವತಿಯ ಸ್ವರಗಳು. ಹಾಗಾಗಿ ಭೂಪ ಎಂದು ಬರೆದಿರುವ ರೆಕಾರ್ಡಿಂಗಿನಲ್ಲಿ ನಿಮಗೆ ದುರ್ಗಾ ಸಿಕ್ಕರೆ ಗಾಯಕರನ್ನು ಅನುಮಾನಿಸಬೇಡಿ, ನೀವು ಪ ಮೇಲೆ ಕೂತಿದ್ದೀರಿ. ಪರೀಕ್ಷೆ ಸುಲಭ: ತಾನ್ ಮುಗಿಸಿ ಗಾಯಕರು ಸಮಾಧಾನದಿಂದ ಬಂದು ನಿಲ್ಲುವ ಸ್ವರ ಹಿಡಿದು ಹಾರ್ಮೋನಿಯಂ ಮೇಲೆ ಒತ್ತಿ ಹಿಡಿಯಿರಿ. ಅದರ ಜೊತೆ ಇಡೀ ತಂಬೂರಿ ಬೆರೆತರೆ ಅದೇ ಸ.

ಸ ಸಿಕ್ಕ ಮೇಲೆ ನಿಧಾನದ ಆಲಾಪದಿಂದ ಸ್ವರ ಬರೆದುಕೊಳ್ಳಿ. ಜೋರು ತಾನಿನಿಂದ ಬೇಡ. ತಾನಿನಲ್ಲಿ ಜಾರಿಹೋಗುವ ಸ್ವರವೂ ಪಟ್ಟಿಗೆ ಬಂದುಬಿಡುತ್ತದೆ.

ಹೆಜ್ಜೆ 2: ಹನ್ನೆರಡು ಕೀಗಳಿಗೆ ಎರಡೂ ಕಡೆಯ ಹೆಸರು ಹಾಕಿ

ಸ ಮತ್ತು ಪ ಅಲುಗಾಡುವುದಿಲ್ಲ. ಮ ಎರಡು ಬಗೆ, ಎರಡೂ ಪದ್ಧತಿಯಲ್ಲಿ. ಹಿಂದೂಸ್ತಾನಿಯ ಶುದ್ಧ ಮ ಕರ್ನಾಟಕದ ಶುದ್ಧ ಮಧ್ಯಮ (ಮ1), ತೀವ್ರ ಮ ಅಲ್ಲಿನ ಪ್ರತಿ ಮಧ್ಯಮ (ಮ2). ಇಲ್ಲಿಯವರೆಗೆ ಜಗಳ ಇಲ್ಲ.

ಸ ಮತ್ತು ಮ1ರ ನಡುವೆ ನಾಲ್ಕು ಕೀ ಇವೆ. ಹಿಂದೂಸ್ತಾನಿಯಲ್ಲಿ ಮೊದಲ ಎರಡು ರಿಗೆ (ಕೋಮಲ, ಶುದ್ಧ), ನಂತರದ ಎರಡು ಗಗೆ (ಕೋಮಲ, ಶುದ್ಧ). ಕರ್ನಾಟಕ ಸಂಗೀತದಲ್ಲಿ ಮೊದಲ ಮೂರೂ ರಿ ಆಗಬಹುದು (ರಿ1, ರಿ2, ರಿ3), ಕೊನೆಯ ಮೂರೂ ಗ ಆಗಬಹುದು (ಗ1, ಗ2, ಗ3). ನಡುವಿನ ಎರಡು ಕೀಗಳಿಗೆ ಎರಡೆರಡು ಹೆಸರು: ರಿ2 ಮತ್ತು ಗ1 ಒಂದೇ ಕೀ, ರಿ3 ಮತ್ತು ಗ2 ಒಂದೇ ಕೀ. ಪ ಆದ ಮೇಲೆ ಧ ಮತ್ತು ನಿಗೂ ಇದೇ ನಿಯಮ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಕರ್ನಾಟಕದವರ ‘ಶುದ್ಧ ಋಷಭ’ ಅಂದರೆ ರಿ1, ಅದು ನಮ್ಮ ಕೋಮಲ ರಿ. ನಮ್ಮ ಶುದ್ಧ ರಿ ಅವರಿಗೆ ಚತುಶ್ರುತಿ ಋಷಭ, ರಿ2. ಧೈವತದ್ದೂ ಅದೇ ಕಥೆ. ಪುಸ್ತಕದಲ್ಲಿ ಬರೀ ‘ಶುದ್ಧ’ ಅಂತ ಕಂಡರೆ ಅದು ಯಾವ ಪದ್ಧತಿಯ ಪುಸ್ತಕ ಎಂದು ಮೊದಲು ಮುಖಪುಟ ನೋಡಿ. ನಾನಂತೂ ನೋಟ್‌ಬುಕ್ಕಿನಲ್ಲಿ ಅಂಕಿಯನ್ನೇ ಬಳಸುವುದು. ಕೋಮಲ ರಿ = ರಿ1, ಶುದ್ಧ ರಿ = ರಿ2, ಕೋಮಲ ಗ = ಗ2, ಶುದ್ಧ ಗ = ಗ3. ಹಾಗೇ ಧ1, ಧ2, ನಿ2, ನಿ3. ಹಿಂದೂಸ್ತಾನಿ ರಾಗಗಳಿಗೆ ಇಷ್ಟೇ ಸಾಕು.

ಹೆಜ್ಜೆ 3: ಮೇಳದ ನಂಬರ್ ಲೆಕ್ಕ ಹಾಕಿ

72 ಮೇಳಗಳ ಯೋಜನೆ 17ನೇ ಶತಮಾನದ ವೆಂಕಟಮಖಿಯದು, ‘ಚತುರ್ದಂಡೀ ಪ್ರಕಾಶಿಕಾ’ ಗ್ರಂಥದಲ್ಲಿ ಬರುತ್ತದೆ. ಆತ ಮಾಡಿದ್ದು ಅಪ್ಪಟ ಲೆಕ್ಕ. ಯಾರಾದರೂ ಹಾಡಲಿ, ಬಿಡಲಿ, ಏಳು ಸ್ವರದ ಶ್ರೇಣಿ ಎಷ್ಟು ಸಾಧ್ಯವೋ ಅಷ್ಟಕ್ಕೂ ಜಾಗ ಮಾಡಿಟ್ಟ.

ರಿ ಮತ್ತು ಗ ಸೇರಿ ಆರು ಜೋಡಿ ಆಗುತ್ತವೆ. ಕ್ರಮ ಹೀಗೆ:

1. ರಿ1 ಗ1
2. ರಿ1 ಗ2
3. ರಿ1 ಗ3
4. ರಿ2 ಗ2
5. ರಿ2 ಗ3
6. ರಿ3 ಗ3

ಧ ಮತ್ತು ನಿಗೂ ಇದೇ ಕ್ರಮದಲ್ಲಿ ಆರು ಜೋಡಿ: ಧ1 ನಿ1, ಧ1 ನಿ2, ಹೀಗೆ ಧ3 ನಿ3ವರೆಗೆ. ಆರು ಆರಲೆ ಮೂವತ್ತಾರು. ಅದು ಮ1 ಇಟ್ಟುಕೊಂಡು 1ರಿಂದ 36. ಅದನ್ನೇ ಮ2 ಹಾಕಿ ಮತ್ತೆ ಬರೆದರೆ 37ರಿಂದ 72. ಇದರಿಂದ ನಂಬರ್ ಹೀಗೆ ಬರುತ್ತದೆ:

```
ಮೇಳ = 6 × (ರಿ-ಗ ಜೋಡಿ − 1) + ಧ-ನಿ ಜೋಡಿ
ಮ2 ಇದ್ದರೆ ಇನ್ನೂ 36 ಕೂಡಿಸಿ
```

ಯಮನ್ ಮೇಲೆ ಪ್ರಯೋಗ ಮಾಡೋಣ. ರಿ, ಗ, ಧ, ನಿ ಶುದ್ಧ, ಮ ತೀವ್ರ. ರಿ2 ಗ3 ಐದನೇ ಜೋಡಿ, ಧ2 ನಿ3 ಕೂಡ ಐದನೆಯದೇ. 6 × 4 = 24, ಅದಕ್ಕೆ 5 ಸೇರಿ 29, ತೀವ್ರ ಮ ಇರುವುದರಿಂದ 36 ಕೂಡಿಸಿ 65. ಅದು ಮೇಚಕಲ್ಯಾಣಿ. ತೀವ್ರ ಮ ತೆಗೆದು ಶುದ್ಧ ಮ ಹಾಕಿದರೆ ಅದೇ 29ಕ್ಕೆ ನಿಲ್ಲುತ್ತದೆ, ಧೀರಶಂಕರಾಭರಣ.

ಉತ್ತರ ಸರಿಯೇ ಎಂದು ನೋಡಲು ಮೇಳದ ಹೆಸರಲ್ಲೇ ಕೀಲಿ ಇದೆ. ಅದೇ ಕಟಪಯಾದಿ. ಕ, ಟ, ಪ, ಯ ಇವೆಲ್ಲ 1. ಅಲ್ಲಿಂದ ಪ್ರತಿ ಸಾಲಿನಲ್ಲೂ ಮುಂದಿನ ಅಕ್ಷರ 2, 3 ಎಂದು ಎಣಿಕೆ. ನ ಮತ್ತು ಞ ಸೊನ್ನೆ. ಹೆಸರಿನ ಮೊದಲ ಎರಡು ಅಕ್ಷರದ ಅಂಕಿ ಬರೆದು ತಿರುಗಿಸಬೇಕು. ಮೇಚ: ಮ 5, ಚ 6, ಅಂದರೆ 56, ತಿರುಗಿಸಿದರೆ 65. ಇಲ್ಲಿ ಕಾಗುಣಿತ ತಪ್ಪಿದರೆ ಮೇಳವೇ ತಪ್ಪುತ್ತದೆ. 20ನೇ ಮೇಳ ನಠಭೈರವಿ, ಠ ಮಹಾಪ್ರಾಣ: ನ 0, ಠ 2. ತುಂಬಾ ಕಡೆ ‘ನಟಭೈರವಿ’ ಅಂತ ಅಚ್ಚಾಗಿರುತ್ತದೆ. ಹಾಗೆ ಓದಿದರೆ 10 ಬರುತ್ತದೆ. ಅದು ನಾಟಕಪ್ರಿಯ, ಬೇರೆಯದೇ ಮೇಳ. ಒತ್ತಕ್ಷರ ಬಂದಾಗಲೂ ಗೊಂದಲ ಇದೆ. 2ನೇ ಮೇಳ ರತ್ನಾಂಗಿಯಲ್ಲಿ ‘ತ್ನ’ದ ನ ಎಣಿಸಬೇಕು, 16ನೇ ಮೇಳ ಚಕ್ರವಾಕದಲ್ಲಿ ‘ಕ್ರ’ದ ಕ ಎಣಿಸಬೇಕು. ಹಾಗಾಗಿ ಲೆಕ್ಕವನ್ನು ಸ್ವರದಿಂದಲೇ ಮಾಡಿ, ಹೆಸರನ್ನು ತಾಳೆ ನೋಡಲಿಕ್ಕೆ ಮಾತ್ರ ಬಳಸಿ.

ಹೆಜ್ಜೆ 4: ಹತ್ತು ಥಾಟ್‌ಗಳನ್ನು ಬೆರಳಲ್ಲಿ ಕಲಿಯಿರಿ

ಭಾತಖಂಡೆಯವರಿಗೆ (1860–1936) ವೆಂಕಟಮಖಿಯ ಪದ್ಧತಿ ಚೆನ್ನಾಗಿ ಗೊತ್ತಿತ್ತು. 1904ರಲ್ಲಿ ಅವರು ದಕ್ಷಿಣ ಭಾರತ ಪ್ರವಾಸ ಮಾಡಿದ್ದರು. ಆದರೆ ಉತ್ತರಾದಿಗೆ ಅವರು 72ನ್ನು ತರಲಿಲ್ಲ. ಒಂದೊಂದು ಸ್ವರಕ್ಕೆ ಎರಡೇ ರೂಪ ಇಟ್ಟುಕೊಂಡರೆ ಐದು ಸ್ವರಕ್ಕೆ 32 ಶ್ರೇಣಿ ಆಗುತ್ತವೆ. ಅದರಲ್ಲೂ ಹತ್ತನ್ನೇ ಆರಿಸಿದರು. ಮುಖ್ಯ ರಾಗಗಳನ್ನೆಲ್ಲ ಹೇಗೋ ಹಂಚಿಬಿಡಲು ಅಷ್ಟು ಸಾಕು ಎಂಬುದು ಅವರ ನೋಟ. ‘ಹೇಗೋ’ ಎಂಬುದರಲ್ಲೇ ಮುಂದಿನ ಎಲ್ಲ ತಕರಾರು ಅಡಗಿದೆ.

ಪಟ್ಟಿ ಬಾಯಿಪಾಠ ಮಾಡುವ ಬದಲು ಹಾರ್ಮೋನಿಯಂ ಮೇಲೆ ಒಂದೊಂದೇ ಕೀ ಬದಲಿಸುತ್ತ ಹೋಗಿ. ಬಿಲಾವಲ್‌ದಿಂದ ಶುರು ಮಾಡಿ, ಎಲ್ಲ ಶುದ್ಧ, ಮೇಳ 29. ನಿ ಕೋಮಲ ಮಾಡಿದರೆ ಖಮಾಜ್, 28. ಗ ಕೂಡ ಕೋಮಲ ಆದರೆ ಕಾಫಿ, 22. ಧ ಕೂಡ ಇಳಿದರೆ ಆಸಾವರಿ, 20. ಕೊನೆಗೆ ರಿಯೂ ಇಳಿದರೆ ಭೈರವಿ, 8. ಒಂದೊಂದೇ ಕೋಮಲ ಸೇರುತ್ತ ಐದು ಥಾಟ್ ಮುಗಿದವು.

ಮತ್ತೆ ಬಿಲಾವಲ್‌ಗೆ ಬನ್ನಿ. ಈಗ ಮ ತೀವ್ರ ಮಾಡಿ: ಕಲ್ಯಾಣ, 65. ಅದರಲ್ಲಿ ರಿ ಕೋಮಲ: ಮಾರ್ವಾ, 53. ಧ ಕೂಡ ಕೋಮಲ: ಪೂರ್ವಿ, 51. ಗ ಕೂಡ ಕೋಮಲ: ತೋಡಿ, 45. ಉಳಿದದ್ದು ಭೈರವ ಒಂದೇ: ಶುದ್ಧ ಮ, ರಿ ಮತ್ತು ಧ ಕೋಮಲ, ಮೇಳ 15, ಮಾಯಾಮಾಳವಗೌಳ. ಕರ್ನಾಟಕ ಸಂಗೀತದ ಮಕ್ಕಳು ಸರಳೆ ವರಿಸೆ ಕಲಿಯುವುದು ಇದರಲ್ಲೇ.

ಹೆಜ್ಜೆ 5: ಲೆಕ್ಕ ಕೂಡದ ರಾಗ ಒಂದನ್ನು ಹಿಡಿಯಿರಿ: ಅಹಿರ್ ಭೈರವ

ಸ್ವರಗಳು: ರಿ ಕೋಮಲ, ಗ ಶುದ್ಧ, ಮ ಶುದ್ಧ, ಧ ಶುದ್ಧ, ನಿ ಕೋಮಲ. ರಿ1 ಗ3 ಮೂರನೇ ಜೋಡಿ, ಧ2 ನಿ2 ನಾಲ್ಕನೇ ಜೋಡಿ. 6 × 2 = 12, ಅದಕ್ಕೆ 4 ಸೇರಿ 16. ಮ1 ಇರುವುದರಿಂದ ಅಲ್ಲಿಗೇ ಮುಗಿಯಿತು: ಚಕ್ರವಾಕ. ಎಲ್ಲೂ ತಿಣುಕಾಡಬೇಕಿಲ್ಲ.

ಈಗ ಥಾಟ್ ಹುಡುಕಿ. ಹತ್ತರಲ್ಲಿ ಯಾವುದೂ ಹೊಂದುವುದಿಲ್ಲ. ಪುಸ್ತಕಗಳು ಭೈರವ ಥಾಟ್ ಎನ್ನುತ್ತವೆ. ಆದರೆ ಭೈರವ ಥಾಟಿನಲ್ಲಿ ಧ ಕೋಮಲ, ನಿ ಶುದ್ಧ. ಅಹಿರ್ ಭೈರವದಲ್ಲಿ ಎರಡೂ ತಿರುವುಮುರುವು! ಮತ್ತೆ ಅಲ್ಲೇಕೆ ಇಟ್ಟರು?

ಹಾಡಿ ನೋಡಿದರೆ ತಿಳಿಯುತ್ತದೆ. ಕೆಳಗಿನ ಅರ್ಧ, ಸ ರಿ ಗ ಮ, ಪೂರಾ ಭೈರವದ್ದು. ‘ಗ ಮ ರಿ ಸ’ ಎಂದು ಇಳಿದು ಬರುವಾಗ ರಿ ಮೇಲೆ ತೂಗಾಟ ಇರುತ್ತದೆ, ಅಲ್ಲಿ ಕಿವಿ ಭೈರವ ಎಂದೇ ಹೇಳುತ್ತದೆ. ಮೇಲಿನ ಅರ್ಧ ಮಾತ್ರ ಕಾಫಿಯ ಹಾಗೆ. ರಾಗದ ಗುರುತು ಹತ್ತುವುದು ಕೆಳಗಿನ ಅರ್ಧದಿಂದಾದ್ದರಿಂದ ಭೈರವದ ಮನೆಗೆ ಸೇರಿಸಿದರು. ಹಾರ್ಮೋನಿಯಂ ಮೇಲೆ ಆ ತೂಗಾಟ ಬರುವುದಿಲ್ಲ. ಹಾಗಾಗಿ ಬರೀ ಕೀ ಒತ್ತಿ ನಿರ್ಧಾರ ಮಾಡುವವರಿಗೆ ಈ ವಿಂಗಡಣೆ ಸುಮ್ನೆ ಹಠ ಅನ್ನಿಸುತ್ತದೆ.

ಮೇಳ ಹೇಳುವುದು ರಾಗದಲ್ಲಿ ಯಾವ ಸ್ವರ ಇವೆ ಎಂದು. ಥಾಟ್ ಅಷ್ಟಕ್ಕೇ ನಿಲ್ಲುವುದಿಲ್ಲ, ಸ್ವರ ಪೂರ್ತಿ ಕೂಡದಿದ್ದರೆ ರಾಗದ ನಡೆ ಯಾರನ್ನು ಹೋಲುತ್ತದೆ ಎಂದೂ ನೋಡುತ್ತದೆ. ಪರೀಕ್ಷೆಯಲ್ಲಿ ಅಹಿರ್ ಭೈರವದ ಥಾಟ್ ಕೇಳಿದರೆ ಭೈರವ ಅಂತಲೇ ಬರೆಯಿರಿ. ಜೊತೆಗೆ ‘ಧ ಶುದ್ಧ, ನಿ ಕೋಮಲ’ ಎಂದು ಸೇರಿಸಿ.

ಹೆಜ್ಜೆ 6: ಸ್ವರ ಕಡಿಮೆ ಇದ್ದರೆ ಏನು? ಭೂಪ, ದೇಶಕಾರ, ಮೋಹನ

ಇದು ನಿಜಕ್ಕೂ ಸ್ವಾರಸ್ಯದ ಜಾಗ. ಮೂರರಲ್ಲೂ ಸ ರಿ ಗ ಪ ಧ, ಅಷ್ಟೇ. ಮ ಇಲ್ಲ, ನಿ ಇಲ್ಲ. ಸೂತ್ರಕ್ಕೆ ಹಾಕಲು ಹೋದರೆ ಎರಡು ಖಾಲಿ ಜಾಗ. ಮ1 ಅಥವಾ ಮ2, ನಿ2 ಅಥವಾ ನಿ3, ಏನು ತುಂಬಿದರೂ ನಡೆಯುತ್ತದೆ. ನಾಲ್ಕು ಮೇಳ ಸಿಗುತ್ತವೆ: ಮ1 ನಿ2 ಹಾಕಿದರೆ 28 ಹರಿಕಾಂಭೋಜಿ, ಮ1 ನಿ3 ಹಾಕಿದರೆ 29 ಧೀರಶಂಕರಾಭರಣ, ಮ2 ನಿ2 ಹಾಕಿದರೆ 64 ವಾಚಸ್ಪತಿ, ಮ2 ನಿ3 ಹಾಕಿದರೆ 65 ಮೇಚಕಲ್ಯಾಣಿ.

ಕರ್ನಾಟಕ ಸಂಗೀತದಲ್ಲಿ ಮೋಹನವನ್ನು 28ರ ಜನ್ಯ ಎನ್ನುವುದು ರೂಢಿ. ಆದರೆ ಮೋಹನದ ಐದು ಸ್ವರಗಳಲ್ಲಿ 28ನ್ನೇ ಆರಿಸಲು ಯಾವ ಸಾಕ್ಷಿಯೂ ಇಲ್ಲ ಎಂಬುದು ನಮ್ಮ ಲೆಕ್ಕದಿಂದಲೇ ಗೊತ್ತಾಗುತ್ತದೆ. ಅದನ್ನು ರೂಢಿ ಎಂದೇ ಒಪ್ಪಿಕೊಳ್ಳಬೇಕು.

ಹಿಂದೂಸ್ತಾನಿಯಲ್ಲಿ ಇನ್ನೊಂದು ಮಜಾ. ಅವೇ ಐದು ಸ್ವರ, ಎರಡು ರಾಗ, ಎರಡು ಥಾಟ್. ಭೂಪ ಕಲ್ಯಾಣ ಥಾಟಿಗೆ, ದೇಶಕಾರ ಬಿಲಾವಲ್‌ಗೆ. ಇದನ್ನು ನಿರ್ಧರಿಸಿದ್ದು ರಾಗ ಎಲ್ಲಿ ನಿಲ್ಲುತ್ತದೆ ಎಂಬುದು. ಭೂಪದ ವಾದಿ ಗ, ಸಂವಾದಿ ಧ. ಸಂಜೆಯ ರಾಗ. ಚಲನೆ ಕೆಳಗಿನ ಅರ್ಧದಲ್ಲಿ ಜಾಸ್ತಿ: ‘ಸ ರಿ ಗ, ಪ ಗ, ಧ ಪ ಗ, ರಿ ಸ’. ಈ ನಡೆ ಯಮನ್ ಕಡೆಗೆ ವಾಲುತ್ತದೆ. ದೇಶಕಾರದಲ್ಲಿ ಎಲ್ಲ ತಲೆಕೆಳಗು. ವಾದಿ ಧ, ಸಂವಾದಿ ಗ. ಬೆಳಗಿನ ರಾಗ. ‘ಗ ಪ ಧ, ಧ ಪ’ ಎಂದು ಮೇಲಿನ ಅರ್ಧದಲ್ಲೇ ಓಡಾಟ, ರಿ ದುರ್ಬಲ. ಬೆಳಗಿನ ಬಿಲಾವಲ್ ಬಳಗಕ್ಕೆ ಅದು ಸೇರುತ್ತದೆ.

ಇದನ್ನು ಹತ್ತಿರದಿಂದ ನೋಡಬೇಕಾದರೆ ಭೂಪ ಕಲಿಯುವ ಯಾವುದಾದರೂ ಹುಡುಗನ ಪಕ್ಕ ಕೂರಬೇಕು. ಆಲಾಪದಲ್ಲಿ ‘ಗ ಪ ಧ’ ಎಂದು ಹತ್ತಿ, ದನಿ ಚೆನ್ನಾಗಿ ಕೂತಿತು ಎಂಬ ಖುಷಿಗೆ ಧ ಮೇಲೆ ಎಳೆಯುತ್ತಾನೆ. ಧಾರವಾಡದ ಗುರುಗಳಾದರೆ ಹಾರ್ಮೋನಿಯಂ ನಿಲ್ಲಿಸಿಯೇಬಿಡುತ್ತಾರೆ: “ತಮ್ಮಾ, ಧಾದ ಮ್ಯಾಲೆ ಇಷ್ಟೊತ್ತು ನಿಂತ್ರ ದೇಶಕಾರ ಆಗ್ತದ. ಇಳಿದು ಗಾಕ್ಕ ಬಾ.” ಸ್ವರ ಒಂದೂ ತಪ್ಪಿರುವುದಿಲ್ಲ, ರಾಗ ತಪ್ಪಿರುತ್ತದೆ.

ನೀವೇ ಪರೀಕ್ಷಿಸಿ. ಒಂದು ರೆಕಾರ್ಡಿಂಗಿನ ಆಲಾಪ ಹಚ್ಚಿ, ಗಾಯಕರು ಉಸಿರು ತೆಗೆದುಕೊಳ್ಳುವ ಮುಂಚೆ ಯಾವ ಸ್ವರದಲ್ಲಿ ನಿಂತರು ಎಂದು ಗೆರೆ ಎಳೆಯುತ್ತ ಹೋಗಿ. ಸ ಬಿಟ್ಟು ಉಳಿದದ್ದರಲ್ಲಿ ಗ ಕೆಳಗೆ ಗೆರೆ ಜಾಸ್ತಿ ಬಿದ್ದರೆ ಭೂಪ, ಧ ಕೆಳಗೆ ಬಿದ್ದರೆ ದೇಶಕಾರ.

ಹೆಜ್ಜೆ 7: ಥಾಟಿನ ಹೆಸರು ಮತ್ತು ರಾಗದ ಹೆಸರು ಬೇರೆ ಬೇರೆ ಎಂದು ನೆನಪಿಡಿ

ಮಾರ್ವಾ ಥಾಟಿನಲ್ಲಿ ಏಳು ಸ್ವರ ಇವೆ, ಪ ಕೂಡ. ಥಾಟಿಗೆ ಹೆಸರು ಕೊಟ್ಟ ಮಾರ್ವಾ ರಾಗದಲ್ಲೇ ಪ ಇಲ್ಲ! ಅದೇ ಆರು ಸ್ವರದಲ್ಲಿ ಪೂರಿಯಾ ಇದೆ, ಸೋಹನಿ ಇದೆ. ಮೂರೂ ಒಂದೇ ಥಾಟ್, ಮೂರನ್ನೂ ಬೇರೆ ಮಾಡುವುದು ಮತ್ತೆ ನಿಲುಗಡೆ: ಮಾರ್ವಾದಲ್ಲಿ ರಿ ಮತ್ತು ಧ, ಪೂರಿಯಾದಲ್ಲಿ ಗ ಮತ್ತು ನಿ, ಸೋಹನಿಯಲ್ಲಿ ಧ ಮತ್ತು ಗ, ಅದೂ ಮೇಲಿನ ಸ ಹತ್ತಿರ. ಸೋಹನಿಯ ಸ್ವರಗಳೇ ಇರುವ ಕರ್ನಾಟಕದ ರಾಗ ಹಂಸಾನಂದಿ, 53ರ ಜನ್ಯ. ಇಲ್ಲಿ ಮಾತ್ರ ಎರಡೂ ಪದ್ಧತಿ ಕೈಕುಲುಕುತ್ತವೆ.

ಎರಡೂ ಮಧ್ಯಮ ಹಾಡುವ ಕೇದಾರ, ಲಲಿತದಂಥ ರಾಗ ಬಂದರೆ ಸೂತ್ರ ಕೈಕೊಡುತ್ತದೆ. ಮೇಳವಾಗಲಿ ಥಾಟಾಗಲಿ ಒಂದು ಸ್ವರಕ್ಕೆ ಒಂದೇ ರೂಪ ಒಪ್ಪುವುದು. ಅಂಥ ಕಡೆ ಎರಡು ನಂಬರ್ ಬರೆದಿಟ್ಟುಕೊಳ್ಳಿ, ಒಂದು ಮ1 ಹಿಡಿದು, ಇನ್ನೊಂದು ಮ2 ಹಿಡಿದು. ಪುಸ್ತಕ ಯಾವ ಥಾಟ್ ಹೇಳುತ್ತದೋ ಅದನ್ನು ಪಕ್ಕದಲ್ಲಿ ಬರೆದರೆ ಸಾಕು, ವಾದ ಬೇಡ.

ಹೆಜ್ಜೆ 8: ಒಂದೇ ಹೆಸರು, ಬೇರೆ ಸ್ವರ

ನಮ್ಮ ಕಡೆ ಅತಿ ಹೆಚ್ಚು ಗಲಿಬಿಲಿ ಆಗುವುದು ಇಲ್ಲಿ. ಹಿಂದೂಸ್ತಾನಿ ತೋಡಿ ಥಾಟ್ 45ನೇ ಮೇಳ, ಅಂದರೆ ಅವರ ಶುಭಪಂತುವರಾಳಿ. ಕರ್ನಾಟಕದ ತೋಡಿ 8ನೇ ಮೇಳ, ಹನುಮತೋಡಿ. ಅದರ ಸ್ವರಗಳು ನಮ್ಮ ಭೈರವಿ ಥಾಟಿನವು. ಹಾಗಾದರೆ ಕರ್ನಾಟಕದ ಭೈರವಿ? ಅದು 20ರ ಜನ್ಯ, ಅಂದರೆ ನಮ್ಮ ಆಸಾವರಿ ಥಾಟಿನ ಕಡೆಯದು, ಮೇಲಾಗಿ ಅದರಲ್ಲಿ ಧ2 ಕೂಡ ಬಂದುಹೋಗುತ್ತದೆ. ಹಿಂದೋಲ್ ಕೂಡ ಹಾಗೆ. ನಮ್ಮ ಹಿಂದೋಲ್ ತೀವ್ರ ಮ ಇರುವ ಕಲ್ಯಾಣ ಥಾಟಿನ ರಾಗ. ಕರ್ನಾಟಕದ ಹಿಂದೋಳದ ಸ್ವರಗಳು ನಮ್ಮ ಮಾಲಕೌಂಸದವು.

ಇದಕ್ಕೆ ಮದ್ದು ಒಂದೇ. ಎರಡು ರಾಗ ಹೋಲಿಸುವಾಗ ಹೆಸರು ಪಕ್ಕಕ್ಕಿಟ್ಟು ಮೊದಲು ನಂಬರ್ ತೆಗೆಯಿರಿ, ಹೆಸರು ಆಮೇಲೆ ಬರೆಯಿರಿ. ರಾಗದ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟದ ಮೇಲೆ ನಾಲ್ಕು ಸಾಲು ಇರಲಿ: ಸ್ವರಗಳು ಅಂಕಿಯಲ್ಲಿ, ಮೇಳದ ನಂಬರ್, ಪುಸ್ತಕದ ಥಾಟ್, ನಿಲ್ಲುವ ಸ್ವರ.

ಕೊನೆಗೆ ಒಂದನ್ನು ನೀವೇ ಮಾಡಿ: ಮಧುವಂತಿ. ರಿ ಶುದ್ಧ, ಗ ಕೋಮಲ, ಮ ತೀವ್ರ, ಧ ಶುದ್ಧ, ನಿ ಶುದ್ಧ. ರಿ2 ಗ2 ನಾಲ್ಕನೇ ಜೋಡಿ, ಧ2 ನಿ3 ಐದನೆಯದು. 18 ಮತ್ತು 5 ಸೇರಿ 23, ಮ2ಗೆ 36 ಕೂಡಿಸಿ 59, ಧರ್ಮವತಿ. ಧ 9, ಮ 5, ತಿರುಗಿಸಿದರೆ 59, ತಾಳೆ ಸಿಕ್ಕಿತು. ಥಾಟ್ ಕೇಳಿದರೆ ಪುಸ್ತಕಗಳಲ್ಲಿ ತೋಡಿ ಎಂದಿರುತ್ತದೆ. ಗ, ಮ, ನಿ ತೋಡಿಯವೇ. ಆದರೆ ರಿ ಮತ್ತು ಧ ಎರಡೂ ತೋಡಿಯಲ್ಲಿ ಕೋಮಲ, ಇಲ್ಲಿ ಶುದ್ಧ. ಅಹಿರ್ ಭೈರವದಲ್ಲಿ ಕೆಳಗಿನ ಅರ್ಧವಾದರೂ ಪೂರ್ತಿ ಭೈರವದ್ದಾಗಿತ್ತು. ಮಧುವಂತಿಗೆ ಆ ಆಧಾರವೂ ಇಲ್ಲ, ಯಾಕೆಂದರೆ ತೋಡಿಯ ಜೀವ ಇರುವುದೇ ‘ರಿ ಗ ರಿ ಸ’ ಎಂಬ ಕೋಮಲ ಜೋಡಿಯಲ್ಲಿ. ನನ್ನ ಕೇಳಿದರೆ ಇದು ಹತ್ತು ಥಾಟಿನ ಆಚೆಯ ರಾಗ. ಅದಕ್ಕೆ ನೋಟ್‌ಬುಕ್ಕಿನಲ್ಲಿ ‘ಮೇಳ 59’ ಎಂದು ದಪ್ಪಗೆ, ‘ತೋಡಿ’ ಎಂದು ಕಂಸದಲ್ಲಿ ಬರೆಯಿರಿ.